ಖರ್ಚಾಗದ ಮೂವತ್ತೈದು

ಪರೇಲ್‌ನ ಕ್ಯಾನ್ಸರ್ ಆಸ್ಪತ್ರೆಗೆ ಊರಿನಿಂದ ಬರುವ ರೋಗಿಗಳಿಗೂ ಅವರ ಕಡೆಯವರಿಗೂ ತಂಗಲು ಜಾಗ, ಎರಡು ಹೊತ್ತು ಊಟ: ನಮ್ಮ ಟ್ರಸ್ಟಿನ ಕೆಲಸ ಇಷ್ಟೇ. ಜಾಗ ಬಾಡಿಗೆಯದು. ಮಾಲೀಕ ಬಿಡಿ ಬಿಡಿ ಎನ್ನುತ್ತಲೇ ಇದ್ದ. ಸ್ವಂತಕ್ಕೆ ಎರಡು ಕೋಣೆ ಕೊಳ್ಳಲೆಂದು ಕೂಡಿಡುತ್ತಿದ್ದೆವು. ಖಜಾಂಚಿ ನಾನು. ತರಕಾರಿಯನ್ನು ಸಂಜೆ ಬೆಲೆ ಇಳಿದ ಮೇಲೆ ತರುವುದು, ಹರಿದ ಚಾದರವನ್ನು ಮನೆಯಲ್ಲೇ ಹೊಲಿಯುವುದು, ಹೀಗೆ ಉಳಿದದ್ದನ್ನು ವರ್ಷದ ಕೊನೆಗೆ ‘ಕಟ್ಟಡ ನಿಧಿ’ಗೆ ಬರೆಯುತ್ತಿದ್ದೆವು. ಅಲ್ಲಿಗೆ ಅದು ಧರ್ಮಕ್ಕೆ ಸಂದಿತೆಂದೇ ನಮ್ಮ ನಂಬಿಕೆ. ವಾರ್ಷಿಕ ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು.

ಎಂಬತ್ತರ ದಶಕದ ಕೊನೆಯ ಒಂದು ವರ್ಷ ದೇಣಿಗೆ ಧಾರಾಳವಾಗಿ ಬಂತು. ಮಾರ್ಚ್ ಕಳೆದ ಮೇಲೆ ಲೆಕ್ಕ ಹಿಡಿದು ಅಧ್ಯಕ್ಷರೂ ನಾನೂ ವಿಲೆ ಪಾರ್ಲೆಯ ಆಡಿಟರ ಆಫೀಸಿಗೆ ಹೋದೆವು. ಅಧ್ಯಕ್ಷರು ಧಾರವಾಡದ ಕಡೆಯ ಬಟ್ಟೆ ವ್ಯಾಪಾರಿ, ಆಡಿಟರು ಮೈಸೂರಿನವರು.

“ನೂರು ರೂಪಾಯಿ ಬಂದ್ರೆ ಎಪ್ಪತ್ತೈದು ಉದ್ದೇಶಕ್ಕೆ ಖರ್ಚಾಗ್ಬೇಕು,” ಎಂದರು ಆಡಿಟರು. “ಇಪ್ಪತ್ತೈದು ಹಾಗೇ ಇಟ್ಕೋಬಹುದು. ಇಷ್ಟು ವರ್ಷ ಅದರೊಳಗೇ ಇದ್ರಿ. ಈ ಸಲ ಖರ್ಚು ನಲವತ್ತೇ ಇದೆ. ಮಿಕ್ಕ ಮೂವತ್ತೈದಕ್ಕೆ ತೆರಿಗೆ ಬೀಳುತ್ತೆ.”

“ಕಟ್ಟಡ ನಿಧಿಗೆ ಹಾಕೇವಲ್ರಿ,” ಎಂದರು ಅಧ್ಯಕ್ಷರು.

“ಎಡಗಡೆ ಜೇಬಿಂದ ಬಲಗಡೆಗೆ ಹಾಕಿದ್ರೆ ಖರ್ಚಾಯ್ತಾ ಸಾರ್? ಕೋಣೆಗೆ ಅಂತ ದಾನಿಗಳು ಬರೆದುಕೊಟ್ಟಿದ್ರೆ ಬೇರೆ ಮಾತು.”

ಯಾರೂ ಬರೆದುಕೊಟ್ಟಿರಲಿಲ್ಲ. ತೆರಿಗೆ ಕಟ್ಟಿದರೆ ಕೋಣೆಯ ಆಸೆ ಬಿಟ್ಟಂತೆ. ಮಾಲೀಕ ಹೊರಹಾಕಿದರೆ ಕಿಮೋ ಮುಗಿಸಿ ಬಂದವರು ಮತ್ತೆ ಫುಟ್‌ಪಾತಿಗೆ.

ಆಡಿಟರು ಒಂದು ದಾರಿ ಹೇಳಿದರು. ಇಂಥ ಉದ್ದೇಶಕ್ಕೆ, ಇಷ್ಟು ವರ್ಷ, ಹತ್ತು ವರ್ಷ ಮೀರದಂತೆ ಕೂಡಿಡುತ್ತೇವೆಂದು ಠರಾವು ಮಾಡಿ, ರಿಟರ್ನಿನ ಗಡುವಿನೊಳಗೆ ತೆರಿಗೆ ಅಧಿಕಾರಿಗೆ ನಮೂನೆ ತುಂಬಿ ಕೊಡಬೇಕು. ಹಣ ಬ್ಯಾಂಕಿನಲ್ಲಿರಬೇಕು. ಅದಂತೂ ಇತ್ತು.

ಅಧ್ಯಕ್ಷರು ಪೆನ್ನು ಮುಟ್ಟಲಿಲ್ಲ. “ಖರ್ಚ ಮಾಡಿಲ್ಲಂತ ನಾವೇ ಬರದು ಕೊಡೂದೇನ್ರಿ? ಇನ್‌ಕಮ್ ಟ್ಯಾಕ್ಸಿನವ್ರ ಮನಿ ಬಾಗ್ಲಾ ನಾವೇ ಬಡದಂಗ. ನಾಳೆ ನನ್ನ ದುಕಾನಕ್ಕ ಬಂದ್ರ?”

ಅವರ ಭಯ ನನಗೂ ಅಂಟಿತು. ಹದಿನೈದು ದಿನ ಕಾಗದ ನನ್ನ ಕಪಾಟಿನಲ್ಲೇ ಉಳಿಯಿತು. ಬಾಗಿಲು ಸದ್ದಾದರೆ ನೋಟೀಸೇ ಎನ್ನಿಸುತ್ತಿತ್ತು. ಗಡುವಿಗೆ ಎರಡು ದಿನವಿರುವಾಗ ಅವರ ಅಂಗಡಿಗೇ ಹೋದೆ.

“ಅಣ್ಣಾ, ಬರೆದುಕೊಟ್ಟರೆ ಅವರು ಪ್ರಶ್ನೆ ಕೇಳಬಹುದು, ಅಷ್ಟೇ. ಕೊಡದಿದ್ದರೆ ಹಣ ಹೋಗುವುದು ಖಂಡಿತ.”

“ನಿಮಗ ಅಂಜಿಕಿಲ್ಲೇನ್ರಿ ಅಕ್ಕಾರ?”

“ಊಟ ಸೇರುತ್ತಿಲ್ಲ.”

ಅವರು ಮುಂದಿದ್ದ ಬಟ್ಟೆಯ ಥಾನು ಸರಿಸಿ ಸಹಿ ಹಾಕಿದರು. ಕಾಗದ ತೆರಿಗೆ ಆಫೀಸಿನಲ್ಲಿ ಸ್ವೀಕಾರವಾಯಿತು, ತೆರಿಗೆ ಬೀಳಲಿಲ್ಲ.

ಭಯ ಮಾತ್ರ ಹೋಗಲಿಲ್ಲ. ಆ ಹಣ ಬರೆದುಕೊಟ್ಟ ಉದ್ದೇಶಕ್ಕೇ, ಆ ಅವಧಿಯೊಳಗೇ ಸಲ್ಲಬೇಕು, ಇಲ್ಲವಾದರೆ ತೆರಿಗೆ. ಬೇಸಿಗೆಯಲ್ಲಿ ಒಬ್ಬ ತಾಯಿ ಮಗನಿಗೆ ಫ್ಯಾನು ಕೇಳಿದಾಗ ಅದರಿಂದ ಕೊಡಲಾಗಲಿಲ್ಲ. ಬೇರೆಡೆಯಿಂದ ಹೊಂದಿಸಿದೆವು. ಭಾನುವಾರ ಬಂತೆಂದರೆ ಅಧ್ಯಕ್ಷರೂ ನಾನೂ ಪರೇಲ್‌ನ ಚಾಳುಗಳ ಮೆಟ್ಟಿಲು ಹತ್ತಿ, ಮಾರುವ ಕೋಣೆ ಇದೆಯೇ ಎಂದು ಕೇಳುತ್ತಿದ್ದೆವು.