ಎರಡು ಗುಂಡಿಗಳ ಹಿಂದಿ ಅರ್ಥ

ನನ್ನ ತಮ್ಮನ ಹೊಟ್ಟೆಯನ್ನು ಮೂರು ತಾಲೂಕಿನವರು ನೋಡಿದ್ದಾರೆ. ಪುತ್ತೂರಿನಲ್ಲಿ ನೋಡಿದ್ದಾರೆ, ಸುಳ್ಯದಲ್ಲಿ ನೋಡಿದ್ದಾರೆ, ನಾನು ಹಿಂದಿ ಕಲಿಸುವ ಕಡಬದ ಶಾಲೆಯಲ್ಲಂತೂ ಮಧ್ಯಾಹ್ನದ ಬುತ್ತಿ ಬಿಚ್ಚುವ ಮೊದಲೇ ನೋಡಿ, ನಕ್ಕು, ಮುಂದಕ್ಕೆ ಕಳಿಸಿ ಮುಗಿಸಿದ್ದರು. ಅವನು ನನ್ನ ತಮ್ಮ ಎಂದು ಗೊತ್ತಿಲ್ಲದ ಸಹೋದ್ಯೋಗಿಯೊಬ್ಬರು ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಟೀಚರೇ, ಇದನ್ನು ನೋಡಿ, ನಗಾಡಿ ನಗಾಡಿ ಸಾಕಾಯ್ತು" ಎಂದರು. ನೋಡಿದೆ. ನನಗೂ ಒಂದು ಕ್ಷಣ ನಗು ಬಂತು. ಆಮೇಲೆ ಮುಖ ನೋಡಿದೆ. ಮೈಯೆಲ್ಲ ಉರಿದುಹೋಯಿತು.

ತಮ್ಮನಿಗೆ ಸುಳ್ಯದ ಹತ್ತಿರ ಪಂಪ್ ರಿಪೇರಿ ಅಂಗಡಿ. ಅವನ ಮನೆಗೆ ಹೋಗುವ ಒಳರಸ್ತೆಯ ತಿರುವಿನಲ್ಲಿ ಒಂದು ಗುಂಡಿ. ಮಳೆಗಾಲದಲ್ಲಿ ನೀರು ತುಂಬಿದರೆ ಅದು ಗುಂಡಿಯೋ ಬರೀ ಒದ್ದೆ ರಸ್ತೆಯೋ ಗೊತ್ತಾಗುವುದಿಲ್ಲ. ಆ ಆಷಾಢದಲ್ಲಿ ಅವನು ಹೆಂಡತಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುವಾಗ ಚಕ್ರ ಅದರೊಳಗೆ ಇಳಿಯಿತು. ಅವನಿಗೆ ಮಂಡಿ ತರಚಿದ್ದಷ್ಟೇ. ಅವಳು ಬಲಗೈ ಊರಿ ಬಿದ್ದಳು, ಮಣಿಕಟ್ಟು ಮುರಿಯಿತು. ಪ್ಲೇಟ್ ಹಾಕಿದರು. ಎಲುಬು ಕೂಡಿತು, ಬೆರಳುಗಳು ಮಾತ್ರ ಮೊದಲಿನ ಹಾಗೆ ಮಡಚಲಿಲ್ಲ. ಆ ಕೈಯಲ್ಲಿ ಅವಳು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟಿದ್ದಳು. ಈಗ ಸೂಜಿ ಹಿಡಿಯಲಿಕ್ಕಾಗುವುದಿಲ್ಲ.

ತಮ್ಮ ಅರ್ಜಿ ಕೊಟ್ಟ. ಯಾರೂ ಬರಲಿಲ್ಲ. ಕೊನೆಗೆ ಒಂದು ದಿನ ಅಂಗಡಿ ಮುಚ್ಚಿ ಬಂದವನೇ ಗುಂಡಿಯೊಳಗೆ ಇಳಿದು, ಮೊಣಕಾಲುವರೆಗಿನ ಕೆಸರು ನೀರಿನಲ್ಲಿ ಕೈಕಟ್ಟಿ ನಿಂತು, ಹಾದಿಯಲ್ಲಿ ಹೋಗುವವನೊಬ್ಬನಿಂದ ಫೋಟೋ ತೆಗೆಸಿ ಊರಿನ ಗ್ರೂಪಿಗೆ ಹಾಕಿದ. ಪೆದ್ದ! ಕನ್ನಡಿ ನೋಡಿಕೊಂಡು ಇಳಿಯಬೇಕಿತ್ತು. ಅಂಗಿಯ ನಡುವಿನ ಗುಂಡಿ ಕಿತ್ತುಹೋಗಿತ್ತು. ಅಲ್ಲಿಂದ ಹೊಟ್ಟೆ ಹೊರಗೆ ಇಣುಕುತ್ತಿತ್ತು. ಮನೆಯಲ್ಲಿ ಗುಂಡಿ ಹೊಲಿಯುವವಳ ಕೈಯೇ ಮುರಿದಿತ್ತಲ್ಲ. ಗಂಡಸರು ಸೂಜಿ ಮುಟ್ಟಿದರೆ ಏನು ಕರೆಂಟು ಹೊಡೆಯುತ್ತದೋ, ನನಗೆ ಗೊತ್ತಿಲ್ಲ.

ಆ ಫೋಟೋವನ್ನು ಯಾರೋ ಮೀಮ್ ಮಾಡಿದರು. ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಮಾಡಿದವನಿಗೆ ತಲೆ ಇತ್ತು ಎಂದು ಹಲ್ಲು ಕಚ್ಚಿಕೊಂಡು ಒಪ್ಪುತ್ತೇನೆ. ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ: ಗುಂಡಿ. ಕೆಳಗೆ ಎರಡು ಕೆಂಪು ಬಾಣ. ಒಂದು ಬಾಣ ಕೆಸರು ನೀರಿಗೆ, ಅದರ ಪಕ್ಕದಲ್ಲಿ "ಇರಬಾರದಲ್ಲಿ ಉಂಟು". ಇನ್ನೊಂದು ಬಾಣ ಹೊಟ್ಟೆಗೆ, ಅದರ ಪಕ್ಕದಲ್ಲಿ "ಇರಬೇಕಾದಲ್ಲಿ ಇಲ್ಲ".

ಅಷ್ಟೇ. ಬೈಗುಳ ಇಲ್ಲ, ಹೆಸರಿಲ್ಲ.

ಮರುದಿನದಿಂದ ತಮ್ಮನ ಹೆಸರೇ ಗುಂಡಿ ಆಯಿತು. ಪಂಪು ಹೊತ್ತುಕೊಂಡು ಬಂದವರು "ಗುಂಡಿ ಉಂಟಾ?" ಎಂದು ಕೇಳಿ ಕಿಸಕ್ಕೆಂದು ನಗುವರು. ಅವನೂ ಹಲ್ಲು ಕಿರಿಯುವನು. ಅವನ ಆ ನಗು ನೋಡಿದರೆ ನನಗೆ ಇನ್ನಷ್ಟು ಸಿಟ್ಟು. ಮುಂದಿನ ವಾರ ಸುಳ್ಯದಲ್ಲಿ ಜನರ ಅಹವಾಲು ಕೇಳುವ ಸಭೆ ಇತ್ತು, ದೊಡ್ಡ ಅಧಿಕಾರಿ ಬರುವವರಿದ್ದರು. ಗುಂಡಿಯ ವಿಷಯ ಅಲ್ಲಿ ಆಗದಿದ್ದರೆ ಇನ್ನೆಲ್ಲಿಯೂ ಆಗುವುದಿಲ್ಲ ಎಂದು ತಮ್ಮ ಹೇಳಿದ್ದ. ಅವನು ಎದ್ದು ನಿಂತ ಕೂಡಲೇ ಜನ ನಗುತ್ತಾರೆ, ಅವನ ಮಾತು ಯಾರೂ ಕೇಳುವುದಿಲ್ಲ ಎಂಬುದೇ ನನ್ನ ಹೆದರಿಕೆ. ರಜೆ ಹಾಕಿ ನಾನೂ ಹೋದೆ.

ಬಂದವನನ್ನು ನೋಡಿ ನಾನು ಹಣೆ ಚಚ್ಚಿಕೊಂಡೆ. ಅದೇ ಅಂಗಿ!

"ಎಂತ ಮಾರಾಯ, ಬೇರೆ ಅಂಗಿ ಇರ್ಲಿಲ್ವಾ ನಿಂಗೆ?"

"ಇರ್ಲಿ ಅಕ್ಕ, ನೀನು ಸುಮ್ಮನೆ ಕೂತ್ಕೋ" ಎಂದ. ಕಿಸೆಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಮೊಬೈಲು ಇರಬೇಕು ಎಂದುಕೊಂಡೆ.

ಅವನ ಸರದಿ ಬಂತು. ಎದ್ದು ನಿಂತ. ಹಿಂದಿನ ಸಾಲಿನಿಂದ ಯಾರೋ "ಹೋ, ಗುಂಡಿ ಬಂತು!" ಎಂದದ್ದೇ ತಡ, ಸಭೆಗೆ ಸಭೆಯೇ ಹೋ ಎಂದು ನಕ್ಕಿತು. ಅಧಿಕಾರಿ ಉತ್ತರದ ಕಡೆಯವರು, ಬಂದು ಹೆಚ್ಚು ಸಮಯ ಆಗಿರಲಿಲ್ಲ. ಕನ್ನಡ ಕಲಿಯುತ್ತಿದ್ದರು. "ಯಾಕೆ ನಗು? ಏನು ಆಯಿತು?" ಎಂದು ಪಕ್ಕದವರನ್ನು ಕೇಳಿದರು. ಪಕ್ಕದವರು "ಎಂತ ಇಲ್ಲ ಸಾರ್, ಒಂದು ಜೋಕು" ಎಂದು ತೇಲಿಸಿದರು. ತಮ್ಮ ಮಾತನಾಡಲು ಬಾಯಿ ತೆರೆದಿದ್ದ. ನನಗೆ ತಡೆಯಲಿಲ್ಲ. ಎದ್ದು, "ಜೋಕು ಎಂತದೂಂತ ನಾನು ಹೇಳ್ತೇನೆ ಸಾರ್, ನಾನು ಹಿಂದಿ ಟೀಚರ್" ಎಂದು ಮುಂದೆ ಹೋಗಿ ಮೊಬೈಲಿನಲ್ಲಿದ್ದ ಚಿತ್ರವನ್ನು ಅವರೆದುರು ಹಿಡಿದೆ.

"ಗುಂಡಿ ನನಗೆ ಗೊತ್ತು. ಗಡ್ಢಾ. ಇಲ್ಲಿಗೆ ಬಂದ ಮೇಲೆ ಮೊದಲು ಕಲಿತ ಪದವೇ ಅದು" ಎಂದರು ಅವರು ಹಿಂದಿಯಲ್ಲಿ. "ಆದರೆ ಹೊಟ್ಟೆಯ ಮೇಲೆ ಗಡ್ಢಾ ಎಲ್ಲಿದೆ?"

"ಅದೇ ಸಾರ್. ನಿಮಗೆ ಗೊತ್ತಿರುವುದು ಅರ್ಧ ಗುಂಡಿ." ಹಿಂದಿಯಲ್ಲೇ ಶುರುಮಾಡಿದೆ. ಕನ್ನಡದಲ್ಲಿ ನೆಲದ ಹೊಂಡವೂ ಗುಂಡಿ, ಅಂಗಿಯ ಬಟನ್ನೂ ಗುಂಡಿ. ನಮ್ಮ ಕಡೆ ಮಾತಿನಲ್ಲಿ ಬಟನ್ ಎನ್ನುವವರೇ ಹೆಚ್ಚು. ಬಟನ್ನಿಗೆ ಗುಂಡಿ ಎನ್ನುವುದು ಶಾಲೆಯ ಪುಸ್ತಕದಿಂದ ಬಂದ ನೆನಪು. ಹಾಗಾಗಿ ಮೊದಲ ಬಾಣ ನೋಡುವಾಗ ಎಲ್ಲರಿಗೂ ರಸ್ತೆಯ ಗುಂಡಿಯೇ ಹೊಳೆಯುತ್ತದೆ. ಎರಡನೆಯ ಬಾಣ ಹೊಟ್ಟೆಗೆ ಹೋದಾಗ ತಲೆ ಒಂದು ಗಳಿಗೆ ತಡವರಿಸುತ್ತದೆ, ಇಲ್ಲೆಂಥ ಗುಂಡಿ ಎಂದು. ಆಮೇಲೆ ಮರೆತಿದ್ದ ಅರ್ಥ ಎದ್ದುಬರುತ್ತದೆ. ತಡವರಿಸಿದ್ದಕ್ಕೇ ನಗು. ಬಾಣದ ಪಕ್ಕದಲ್ಲಿ ಆ ಪದವನ್ನು ಬರೆದೇ ಇಲ್ಲ, ನೋಡಿ. ಬರೆದಿದ್ದರೆ ಅಷ್ಟು ನಗು ಬರುತ್ತಿರಲಿಲ್ಲ. ನೋಡುವವನೇ ಮೇಲಿನಿಂದ ಪದವನ್ನು ಎತ್ತಿ ಎರಡೂ ಕಡೆ ಇಡಬೇಕು. ಉಂಟು, ಇಲ್ಲ ಎಂದು ತಕ್ಕಡಿಯ ಎರಡು ತಟ್ಟೆಯ ಹಾಗೆ ಎರಡು ಸಾಲು. ಬೇಡದಲ್ಲಿ ಇರುವುದೂ ಅದೇ, ಬೇಕಾದಲ್ಲಿ ಇಲ್ಲದಿರುವುದೂ ಅದೇ. ಇವನಿಗೆ ಎರಡು ಕಡೆಯಿಂದಲೂ ಏಟು.

"ಈ ಎರಡು ಸಾಲನ್ನೇ ಹಿಂದಿಯಲ್ಲಿ ಹೇಳಿ" ಎಂದರು.

ಹೇಳಿದೆ. ಇರಬಾರದಲ್ಲಿ ಗಡ್ಢಾ ಇದೆ, ಇರಬೇಕಾದಲ್ಲಿ ಬಟನ್ ಇಲ್ಲ. ನನ್ನ ಬಾಯಿಂದ ಬರುವಾಗಲೇ ಅದು ಸತ್ತಿತ್ತು. ಎರಡು ಬೇರೆ ಬೇರೆ ವಸ್ತು, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೇಲಿನ ದಪ್ಪಕ್ಷರದ ಜಾಗದಲ್ಲಿ ಏನು ಬರೆಯುವುದು? ಗಡ್ಢಾ ಎಂದು ಬರೆದರೆ ಹೊಟ್ಟೆಯ ಬಾಣ ದಂಡ, ಬಟನ್ ಎಂದರೆ ರಸ್ತೆಯ ಬಾಣ ದಂಡ. ಅಧಿಕಾರಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಸರಿ" ಎಂದರು. "ಒಂದು ಹೊಂಡ ಇದೆ. ಒಂದು ಬಟನ್ ಇಲ್ಲ. ಇದರಲ್ಲಿ ಇಷ್ಟೊಂದು ನಗುವುದೇನು?"

ಸಭೆಯಲ್ಲಿ ಇನ್ನೂ ಕುಲುಕುಲು ನಡೆದಿತ್ತು. ನನ್ನ ಪಿತ್ತ ನೆತ್ತಿಗೇರಿತು.

"ಬಟನ್ ಯಾಕೆ ಇಲ್ಲ ಎಂದು ಕೇಳಿ ಸಾರ್" ಎಂದೆ. ಈಗ ಬೇಕೆಂದೇ ಕನ್ನಡದಲ್ಲಿ ಒಂದು ಸಲ, ಹಿಂದಿಯಲ್ಲಿ ಒಂದು ಸಲ, ಗಟ್ಟಿಯಾಗಿ. "ಆ ಬಟನ್ ಹೊಲಿಯುವ ಕೈ ಈ ಹೊಂಡದಲ್ಲೇ ಮುರಿದದ್ದು. ಇವನ ಹೆಂಡತಿಯ ಕೈ. ಇನ್ನು ಅವಳು ಸೂಜಿ ಹಿಡಿಯುವುದಿಲ್ಲ. ಇವರೆಲ್ಲ ನಗುವುದು ಅದಕ್ಕೆ."

ಅಧಿಕಾರಿ ಸಭೆಯ ಕಡೆ ನೋಡಿದರು. "ಇದು ನಗುವ ವಿಷಯವೇ?"

"ನಮ್ಮ ಭಾಷೆಯಲ್ಲಿ ಹೌದು ಸಾರ್."

ಸಭೆ ತಣ್ಣಗಾಯಿತು. ಹಿಂದಿನ ಸಾಲಿನವನು ತಲೆ ತಗ್ಗಿಸಿದ. ನನಗೆ ಎಷ್ಟು ಹಿತವಾಯಿತೆಂದರೆ, ಸುಳ್ಳು ಯಾಕೆ ಹೇಳಲಿ, ಹೊಟ್ಟೆ ತುಂಬ ಊಟ ಮಾಡಿದ ಹಾಗಾಯಿತು. ಅಧಿಕಾರಿ ಪಕ್ಕದವರಿಗೆ ಏನೋ ಹೇಳಿದರು, ಅವರು ಬರೆದುಕೊಂಡರು. ತಮ್ಮನಿಗೆ "ನಿಮ್ಮದು ಆಯಿತು, ಕುಳಿತುಕೊಳ್ಳಿ" ಎಂದರು. ಅವನು ಕಿಸೆಯ ಮೇಲೆ ಕೈ ಇಟ್ಟುಕೊಂಡೇ ಕುಳಿತ. ಹೊರಗೆ ಬರುವಾಗ ಜನ ದಾರಿ ಬಿಟ್ಟುಕೊಟ್ಟರು. ಒಬ್ಬರು ಅವನ ಭುಜ ಮುಟ್ಟಿ "ಪಾಪ" ಎಂದರು.

ದಾರಿಯುದ್ದಕ್ಕೂ ಅವನು ನನ್ನ ಮುಖ ನೋಡಲಿಲ್ಲ. ನಾಚಿಕೆಯಾಗಿರಬೇಕು, ನಾಳೆ ಸರಿಯಾಗುತ್ತಾನೆ ಎಂದುಕೊಂಡೆ. ಮನೆ ಮುಟ್ಟಿದಾಗ ಅವನ ಹೆಂಡತಿ ಜಗಲಿಯಲ್ಲೇ ಕಾಯುತ್ತಿದ್ದಳು. ಮುಖದಲ್ಲಿ ಎಂಥದೋ ಕಳೆ. ಬಿದ್ದ ಮೇಲೆ ಅವಳನ್ನು ಹಾಗೆ ನೋಡಿರಲಿಲ್ಲ.

"ಎಂತ ಆಯ್ತು? ನಗಾಡಿದ್ರಾ?"

"ನಗಾಡುದಾ? ಒಬ್ಬನೂ ಉಸಿರೆತ್ತಿಲ್ಲ. ಎಲ್ಲರ ಬಾಯಿ ಮುಚ್ಚಿಸಿ ಬಂದಿದ್ದೇನೆ" ಎಂದೆ ನಾನು.

ಅವಳ ಮುಖ ಬಾಡಿತು. ಗಂಡನ ಅಂಗಿ ನೋಡಿದಳು. "ಹೊಲಿಲಿಲ್ವಾ?"

ತಮ್ಮ ಕಿಸೆಯಿಂದ ತೆಗೆದು ತಿಣ್ಣೆಯ ಮೇಲೆ ಇಟ್ಟ. ಒಂದು ಬಿಳಿ ಗುಂಡಿ. ಕಾಗದದ ತುಂಡಿಗೆ ಚುಚ್ಚಿದ, ನೂಲು ಪೋಣಿಸಿಯೇ ಇದ್ದ ಸೂಜಿ.

ಆ ಮೀಮ್ ನೋಡಿ ಅವಳು ನಕ್ಕಿದ್ದಳಂತೆ, ಕೈ ಮುರಿದ ಮೇಲೆ ಮೊದಲ ಬಾರಿ, ಕಣ್ಣಲ್ಲಿ ನೀರು ಬರುವಷ್ಟು. ಉಪಾಯವೂ ಅವಳದೇ. ಒಂದು ವಾರ ಕೂತು ಗಂಡನಿಗೆ ಗುಂಡಿ ಹೊಲಿಯಲು ಕಲಿಸಿದ್ದಳು, ಎಡಗೈಯಲ್ಲಿ ತೋರಿಸಿ ತೋರಿಸಿ. ಅದೇ ಅಂಗಿ ಹಾಕಿಕೊಂಡು ಹೋಗಬೇಕು, ಜನ ನಗಬೇಕು, ಆಗ ಅವನು ಅಧಿಕಾರಿಯ ಮುಂದೆಯೇ ನಿಂತು ಗುಂಡಿ ಹೊಲಿದು ನೂಲು ಕಚ್ಚಿ ಹೇಳಬೇಕು: "ನನ್ನ ಗುಂಡಿ ನಾನು ಹೊಲಿದೆ ಸ್ವಾಮಿ. ಇನ್ನು ನಿಮ್ಮ ಗುಂಡಿ ನೀವು ಮುಚ್ಚಿ."

ಆದರೂ ಬಿಡುವವಳಲ್ಲ ನಾನು. "ಅವರಿಗೆ ಅದು ಅರ್ಥವೇ ಆಗ್ತಿರ್ಲಿಲ್ಲ ಮಾರಾಯ, ಹಿಂದಿಯಲ್ಲಿ ಬರುದಿಲ್ಲ ಅದು" ಎಂದೆ.

"ಅವರಿಗೆ ಅಲ್ಲ ಅಕ್ಕ, ಸಭೆಗೆ" ಎಂದ ತಮ್ಮ. "ಅಷ್ಟು ಜನ ನನ್ನ ಜೊತೆ ನಗಾಡ್ತಿದ್ರು. ಈಗ ನನ್ನನ್ನು ನೋಡಿ ಪಾಪ ಅಂತಾರೆ. ಇವಳನ್ನೂ ಅದಕ್ಕೆ ಎಳೆದು ತಂದಿ ನೀನು."

ಹೆಂಡತಿ ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಗುಂಡಿಗೆ ಜಲ್ಲಿ, ಮಣ್ಣು ಹಾಕಿ ಹೋದರು. ಮುಂದಿನ ಮಳೆಗೆ ಅದೆಲ್ಲ ಕೊಚ್ಚಿಹೋಗಿ ತೋಡಿನ ನೀರಿಗೆ ಸೇರಿತು. ಸಭೆಗೆ ಹೋಗು ಎಂದರೆ ತಮ್ಮ ಈಗ ಹೋಗುವುದಿಲ್ಲ. ಅಂಗಡಿಗೆ ಬಂದವರು ಪಂಪು ಕೊಟ್ಟು, ಅವನ ಹೆಂಡತಿಯ ಕೈ ಹೇಗುಂಟು ಎಂದು ಮೆತ್ತಗೆ ವಿಚಾರಿಸಿ ಹೋಗುತ್ತಾರೆ. ಅವನನ್ನು ಗುಂಡಿ ಎಂದು ಯಾರೂ ಕರೆಯುವುದಿಲ್ಲ.