ಸುಮಾಳ ಬರ್ತ್‌ಡೇಗೆ ಎಷ್ಟು ನಗಬಹುದು?

"ಏನೇ, ನಮ್ಮನೇಲಿ ಇನ್ಯಾರಾದ್ರೂ ಹೋದ್ರಾ?"

ಕಳೆದ ಮಂಗಳವಾರ ಬೆಳಿಗ್ಗೆ ಗೆಳತಿ ಸುಮಾ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಅವತ್ತು ಅವಳ ಹುಟ್ಟುಹಬ್ಬ!

ವಿಷಯ ಇಷ್ಟೇ. ಬಸವೇಶ್ವರನಗರದ ಸುಮಾಳ ತಂದೆ ತೀರಿಕೊಂಡು ಎರಡು ತಿಂಗಳಾಗಿದೆ. ಅವಳಿಗೆ ವಿಶ್ ಮಾಡಬೇಕೋ ಬೇಡವೋ? ಮಾಡಿದರೆ ಎಷ್ಟು ಖುಷಿಯಿಂದ? ಇದನ್ನು ತೀರ್ಮಾನಿಸಲು ನಮ್ಮ ಗೆಳತಿಯರು ಸುಮಾಳನ್ನು ಬಿಟ್ಟು ಬೇರೆಯೇ ಒಂದು ವಾಟ್ಸಾಪ್ ಗ್ರೂಪ್ ಮಾಡಿದರು. (ನನ್ನನ್ನು ಕೇಳದೆಯೇ ಸೇರಿಸಿದರು.)

"ವರ್ಷ ತುಂಬೋವರೆಗೂ ಅವರ ಮನೇಲಿ ಹಬ್ಬ ಮಾಡಲ್ಲ. ಹ್ಯಾಪಿ ಅನ್ನೋದು ಚೆನ್ನಾಗಿರಲ್ಲ" ಎಂದಳು ಗೀತಾ. ಗೋವಿಂದರಾಜನಗರದ ಈ ಗೀತಾ ನಮ್ಮೆಲ್ಲರ ಶಾಸ್ತ್ರ ಇಲಾಖೆ. ಹಬ್ಬ ಮಾಡಬಾರದು ಸರಿ, ಹುಟ್ಟಲೂಬಾರದಿತ್ತೇ ಎಂದು ಕೇಳಿದೆ.

ಕೇಕಿನ ಎಮೋಜಿ ತಿರಸ್ಕೃತವಾಯಿತು. ಬಲೂನು? ಛೆ ಛೆ! ಹೂವಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಕೆಂಪು ಗುಲಾಬಿ ತೀರಾ ಜಾಸ್ತಿಯಂತೆ, ಬಿಳಿ ಹೂವಾದರೆ ಪರವಾಗಿಲ್ಲವಂತೆ. ಕೊನೆಗೆ ಗೆದ್ದದ್ದು ಮುಗಿದ ಕೈ. ಜೊತೆಗೆ "ಈ ದಿನ ನಿನ್ನ ಜೊತೆ ನಾವಿದ್ದೇವೆ. ದೇವರು ಧೈರ್ಯ ಕೊಡಲಿ" ಎಂಬ ಸಾಲು ಪಾಸಾಯಿತು. ಬೆಳಿಗ್ಗೆ ಎಲ್ಲರೂ ಅದನ್ನೇ ಕಾಪಿ ಪೇಸ್ಟ್ ಮಾಡಿ ಸುಮಾಳಿಗೆ ಕಳಿಸಿದರು.

ಎದ್ದು ಫೋನ್ ನೋಡಿದ ಸುಮಾ, ಇನ್ಯಾರೋ ಹೋದರು ಅಂದುಕೊಂಡಿದ್ದಾಳೆ. ಅಮ್ಮನ ರೂಮಿಗೆ ಓಡಿದ್ದಾಳೆ. ಅವರು ತಮ್ಮ ಪಾಡಿಗೆ ಕಾಫಿ ಕುಡಿಯುತ್ತಿದ್ದರಂತೆ!

ನನಗೆ ರೇಗಿಹೋಯಿತು. ಆಟೋ ಹಿಡಿದು ಅವಳ ಮನೆಗೆ ಹೋದೆ. ಬಾಗಿಲಲ್ಲೇ "ಹ್ಯಾಪಿ ಬರ್ತ್‌ಡೇ ಕಣೇ" ಎಂದೆ. ಸುಮಾ ಅತ್ತುಬಿಟ್ಟಳು. (ಅಯ್ಯೋ, ಗೀತಾ ಹೇಳಿದ್ದೇ ಸರಿಯಾಯಿತಲ್ಲ ಅನ್ನಿಸಿತು.)

"ಅಪ್ಪ ಪ್ರತಿ ವರ್ಷ, ಏನಮ್ಮಾ, ವಯಸ್ಸಲ್ಲಿ ನನ್ನನ್ನೇ ಓವರ್‌ಟೇಕ್ ಮಾಡೋ ಹಾಗಿದೀಯ ಅಂತ ರೇಗಿಸೋರು. ಇವತ್ತು ನೀವು ಯಾರಾದ್ರೂ ರೇಗಿಸ್ತೀರ, ಟ್ರೀಟ್ ಕೇಳ್ತೀರ ಅಂತ ಕಾಯ್ತಿದ್ದೆ. ಎಲ್ರೂ ಕೈ ಮುಗಿದುಬಿಟ್ರಲ್ಲೇ!"

"ಕೇಕ್ ತರ್ಲಾ?" ಎಂದೆ.

"ಬೇಡ ಕಣೇ, ಅಮ್ಮಂಗೆ ಕಷ್ಟ ಆಗುತ್ತೆ. ದೋಸೆ ತಿನ್ನೋಣ ನಡಿ."

ನೋಡಿ! ಎಷ್ಟು ಬೇಕು, ಎಷ್ಟು ಬೇಡ ಎಂಬುದು ಅವಳಿಗೇ ಗೊತ್ತಿತ್ತು. ಒಂದು ಗ್ರೂಪ್ ತುಂಬ ತಲೆ ಕೆಡಿಸಿಕೊಂಡವರಲ್ಲಿ ಯಾರಿಗೂ ಅವಳನ್ನೇ ಕೇಳಬೇಕೆಂದು ಹೊಳೆಯಲಿಲ್ಲವಲ್ಲ?

ಮಾರೇನಹಳ್ಳಿಯ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಸುಮಾ ಅಪ್ಪನ ಜೋಕುಗಳನ್ನು ಹೇಳಿ ನಕ್ಕಳು, ನಡುವೆ ಕಣ್ಣೊರೆಸಿಕೊಂಡಳು, ಚಟ್ನಿಯನ್ನು ಇನ್ನೊಮ್ಮೆ ಹಾಕಿಸಿಕೊಂಡಳು. ಸೆಲ್ಫಿ ತೆಗೆದು, ನಾವೆಲ್ಲರೂ ಇರುವ ಹಳೆಯ ಗ್ರೂಪಿಗೆ ತಾನೇ ಹಾಕಿದಳು.

ತಕ್ಷಣ ಗೀತಾಳಿಂದ ನನಗೊಬ್ಬಳಿಗೇ ಮೆಸೇಜ್: "ಅಷ್ಟೊಂದು ಹಲ್ಲು ಕಾಣೋ ಫೋಟೋ ಯಾಕೆ ಹಾಕೋಕೆ ಬಿಟ್ಟೆ? ನೋಡಿದೋರು ಏನಂದ್ಕೊಳ್ತಾರೆ?"

ಅಪ್ಪನನ್ನು ಕಳೆದುಕೊಂಡವಳೇ ನಕ್ಕರೆ, ನೋಡಿದವರ ಗಂಟೇನು ಹೋಗುತ್ತದೆ?