ಹನ್ನೊಂದು ಚೀಲ ವಾಪಸ್

ದೊಡ್ಡಗಂಗಮ್ಮನಿಗೆ ಪ್ಲಾಸ್ಟಿಕ್ಕಿನ ಜಾತಿ ತಿಳಿಯಲು ಯಾವ ಯಂತ್ರವೂ ಬೇಕಿರಲಿಲ್ಲ. ಚೂರು ತೆಗೆದು ಕಿವಿಯ ಹತ್ತಿರ ಮುದುರಿ ಸದ್ದು ಕೇಳುತ್ತಿದ್ದಳು, ನೀರಿನ ಬಕೆಟ್ಟಿಗೆ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುತ್ತಿದ್ದಳು. ಅದೂ ಸಾಲದಿದ್ದರೆ ತುದಿಗೆ ಬೆಂಕಿಕಡ್ಡಿ ಗೀರಿ ಮೂಸುತ್ತಿದ್ದಳು. ಮೇಣದಬತ್ತಿಯ ವಾಸನೆ ಬಂದರೆ ಹಾಲಿನ ಕವರಿನ ಗುಂಪು, ಅದಕ್ಕೆ ಬೆಂಗಳೂರಿನವರು ಮುಗಿಬೀಳುತ್ತಾರೆ. ತಾಯಲೂರಿನಿಂದ ಮುಳಬಾಗಿಲಿಗೆ ಬಂದು, ತಲೆಯ ಮೇಲೆ ಮಂಕರಿ ಹೊತ್ತು ಹಳೇ ಪೇಪರ್ ಕೊಳ್ಳುವುದರಿಂದ ಶುರು ಮಾಡಿದವಳು, ಈಗ ಕೆರೆಯ ದಾರಿಯಲ್ಲಿ ತಗಡಿನ ಶೆಡ್ ಹಾಕಿ ಗುಜರಿ ನಡೆಸುತ್ತಿದ್ದಳು. ಊರಿನ ಅರ್ಧ ಕಸ ಅವಳ ಕೈಮೇಲೆಯೇ ಮತ್ತೆ ಸಾಮಾನಾಗಲು ಹೋಗುತ್ತಿತ್ತು. ಇದಕ್ಕೆ ಯಾರೂ ಅವಳಿಗೆ ಶಾಲು ಹೊದಿಸಿರಲಿಲ್ಲ. ನೋಟೀಸ್ ಮಾತ್ರ ಕೊಟ್ಟರು.

ಅದು ೨೦೦೪ರ ಬೇಸಿಗೆ. ಹೆಲ್ತ್ ಇನ್‌ಸ್ಪೆಕ್ಟರ್ ಮಾಧವ್ ಬಂದು ಶೆಡ್ಡಿನ ಹಿಂದೆ ಆಳೆತ್ತರ ಬಿದ್ದಿದ್ದ ರಾಶಿ ನೋಡಿ ಮೂಗು ಮುಚ್ಚಿಕೊಂಡರು. ಪಳಪಳ ಹೊಳೆಯುವ ಕುರುಕಲು ತಿಂಡಿಯ ಕವರುಗಳು. ಒಳಗೆ ಇಲಿ, ಹೊರಗೆ ಬೆಂಕಿಯ ಭಯ. ಹದಿನೈದು ದಿನದಲ್ಲಿ ರಾಶಿ ಹೋಗದಿದ್ದರೆ ಶೆಡ್ಡಿಗೆ ಬೀಗ ಅಂದರು. ನೋಟೀಸಿನಲ್ಲಿ ಸ್ಪಷ್ಟವಾಗಿ ಬರೆದಿತ್ತು: ತ್ಯಾಜ್ಯ ಯಾರ ಜಾಗದಲ್ಲಿ ಇದೆಯೋ ಅವರೇ ಹೊಣೆ.

ಗಂಗಮ್ಮನೇನೂ ಆ ಕವರುಗಳನ್ನು ಆಸೆಪಟ್ಟು ಕೂಡಿಟ್ಟವಳಲ್ಲ. ಆಯುವವರು ತರುವ ಚೀಲದಲ್ಲಿ ಅವು ಬೆರೆತು ಬರುತ್ತಿದ್ದವು. ಕೊಳ್ಳುವವರು ಒಬ್ಬರೂ ಇಲ್ಲ. ಒಂದು ಪದರ ಪ್ಲಾಸ್ಟಿಕ್, ಅದರ ಒಳಗೆ ಬೆಳ್ಳಿಯಂಥ ಲೋಹದ ಲೇಪ, ಮತ್ತೆ ಇನ್ನೊಂದು ಜಾತಿಯ ಪ್ಲಾಸ್ಟಿಕ್. ಎಲ್ಲ ಸೇರಿಸಿ ಅಂಟಿಸಿದ್ದನ್ನು ಬಿಡಿಸುವ ಗಂಡು ಈ ಸೀಮೆಯಲ್ಲಿ ಹುಟ್ಟಿರಲಿಲ್ಲ. ಸುಟ್ಟರೆ ಕೆಟ್ಟ ಹೊಗೆ, ಹೂತರೆ ಹಾಗೇ ಇರುತ್ತದೆ.

ನೋಟೀಸ್ ಹಿಡಿದು ಅವಳು ಓಡಿದ್ದು ಸಂಕರ್ಷಣರಾಯರ ಮನೆಗೆ. ರಾಯರು ಮುಳಬಾಗಿಲಿನ ಹಳೇ ಮನೆತನದವರು, ಲೆಕ್ಕಪತ್ರದ ಕೆಲಸದಿಂದ ನಿವೃತ್ತರಾಗಿ ಅರ್ಜಿ ಬರೆಯುವುದನ್ನೇ ಪೂಜೆ ಮಾಡಿಕೊಂಡವರು. ತಮ್ಮ ಹಳೇ ಪೇಪರ್ ಗಂಗಮ್ಮನಿಗೇ ಹಾಕುತ್ತಿದ್ದರು. ಹಾಗೆ ಅವಳ ಜೊತೆ ಕಸದ ಮಾತು ಬೆಳೆದು ಆರು ತಿಂಗಳಿಂದ ಒಂದು ಪ್ರಬಂಧ ಬರೆಯುತ್ತಿದ್ದರು, ‘ಮಾಡಿದವನೇ ಹೊಣೆ’ ಅಂತ. ಹನ್ನೆರಡು ಪುಟ. ಸೋಡಾ ಬಾಟಲಿ ಯಾಕೆ ಬೀದಿಯಲ್ಲಿ ಬೀಳುವುದಿಲ್ಲ? ಅದು ಸೋಡಾದವನಿಗೆ ವಾಪಸ್ ಬೇಕು, ಅದಕ್ಕೆ. ಕವರು ಯಾಕೆ ಬೀಳುತ್ತದೆ? ಮಾರಿದ ಮೇಲೆ ಅದು ಯಾರಿಗೂ ಬೇಡ, ಅದಕ್ಕೆ. ಲಾಭ ಕಂಪನಿಗೆ, ಕಸ ಊರಿಗೆ. ಕವರಿನ ಕೊನೆಗಾಲದ ಖರ್ಚೂ ಕಂಪನಿಯ ತಲೆಗೇ ಬಂದರೆ ಅದು ಮತ್ತೆ ಬಳಸಲು ಬರುವಂಥ ಕವರನ್ನೇ ಮಾಡುತ್ತದೆ, ಸಾಮಾನು ಸುತ್ತಿ ಸುತ್ತಿ ಮತ್ತೆ ಸಾಮಾನಾಗುತ್ತದೆ. ಜರ್ಮನಿಯವರು ೧೯೯೧ರಲ್ಲೇ ಇದನ್ನು ಕಾನೂನು ಮಾಡಿದ್ದಾರೆ. ಇದು ರಾಯರ ವಾದ.

ರಾಯರು ಒಯ್ದು ಕೊಟ್ಟ ಪ್ರಬಂಧವನ್ನು ಮಾಧವ್ ಪೂರ್ತಿ ಓದಿದರು. ಓದಿ, ವಿಚಾರ ಸರಿ ಸಾರ್, ಆದರೆ ನಮ್ಮಲ್ಲಿರುವುದು ತೆಳು ಕೈಚೀಲದ ಮೇಲಿನ ನಿಯಮ, ಪೊಟ್ಟಣ ಮಾಡಿದವನನ್ನು ಹಿಡಿಯುವ ಕಾನೂನು ಇನ್ನೂ ಬಂದಿಲ್ಲ ಅಂತ ಕೈಮುಗಿದರು.

“ಬರೋವರ್ಗೂ ನಾನು ಕಾಯಕ್ಕಾಯ್ತದಾ ಸಾಮಿ?” ಅಂದಳು ಗಂಗಮ್ಮ. “ನನ್ ಹತ್ರ ಇರೋದು ಹದಿನೈದೇ ದಿನ.”

ಆಮೇಲೆ ಅವಳು ಮಾಡಿದ್ದು ಜರ್ಮನಿಯವರಿಗೂ ಹೊಳೆದಿರಲಿಕ್ಕಿಲ್ಲ.

ರಾಶಿಯಲ್ಲಿ ಹೆಚ್ಚಿನವು ಒಂದೇ ಕಂಪನಿಯ ಕವರುಗಳು. ಬಸ್ ಸ್ಟ್ಯಾಂಡ್ ಪಕ್ಕದ ಶಾಮಲಮ್ಮನ ಅಂಗಡಿಗೆ ಆ ಕಂಪನಿಯ ತಿಂಡಿ ಬರುತ್ತಿದ್ದದ್ದು ಕೋದಂಡರಾಮಪ್ಪನ ಏಜೆನ್ಸಿಯಿಂದ. ತಾಲ್ಲೂಕಿಗೆಲ್ಲ ಅವನೇ ಡಿಸ್ಟ್ರಿಬ್ಯೂಟರ್. ವ್ಯಾಪಾರದಲ್ಲೊಂದು ರೂಢಿಯಿದೆ: ಡೇಟ್ ಮುಗಿದದ್ದು, ಇಲಿ ಕಡಿದದ್ದು, ಗಾಳಿ ಹೋದದ್ದನ್ನೆಲ್ಲ ಅಂಗಡಿಯವರು ಚೀಲಕ್ಕೆ ತುಂಬಿ ‘ಡ್ಯಾಮೇಜ್’ ಅಂತ ಚೀಟಿ ಕಟ್ಟುತ್ತಾರೆ. ಮಾಲು ಇಳಿಸಿದ ವ್ಯಾನು ಅದನ್ನು ವಾಪಸ್ ಒಯ್ಯುತ್ತದೆ. ಡ್ರೈವರ್ ಚೀಲ ಎಣಿಸುತ್ತಾನೆ, ಬಿಚ್ಚಿ ನೋಡುವುದಿಲ್ಲ. ಬಿಚ್ಚುವುದೆಲ್ಲ ತಿಂಗಳ ಕೊನೆಗೆ, ಗೋಡೌನಿನಲ್ಲಿ.

ಗಂಗಮ್ಮ ರಾಶಿಯಿಂದ ಆ ಒಂದು ಕಂಪನಿಯ ಕವರುಗಳನ್ನೇ ಆರಿಸಿದಳು. ರಾಶಿ ಮುಕ್ಕಾಲು ಪಾಲು ಕರಗಿತು. ಉಳಿದ ಪುಡಿ ಕವರುಗಳು ಒಂದು ಮೂಲೆಯ ಡ್ರಮ್ಮಿಗೆ ಹಿಡಿದವು. ಆರಿಸಿದ್ದನ್ನು ಹನ್ನೊಂದು ಚೀಲಕ್ಕೆ ತುಂಬಿ, ಶಾಮಲಮ್ಮನನ್ನು ಒಪ್ಪಿಸಿ ಅವಳ ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದಳು. ‘ಡ್ಯಾಮೇಜ್’ ಅಂತ ಸುಳ್ಳು ಬರೆಯಲು ರಾಯರು ಒಪ್ಪಲಿಲ್ಲ. ಚೀಟಿಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಟ್ಟರು: ‘ಒಳಗಿನ ಪದಾರ್ಥವು ಸೇವಿಸಲ್ಪಟ್ಟಿದೆ. ಹೊದಿಕೆಯು ಅನುಪಯುಕ್ತವಾದ ಕಾರಣ ತಯಾರಕರಿಗೆ ಮರಳಿಸಲಾಗಿದೆ.’ ಅಷ್ಟು ಘನವಾದ ಕನ್ನಡ ಕಂಡ ಡ್ರೈವರ್, ಇದು ಕಂಪನಿ ಕಡೆಯ ಕಾಗದವೇ ಇರಬೇಕು ಅಂದುಕೊಂಡು ಹನ್ನೊಂದೂ ಏರಿಸಿದ.

ಹದಿನೈದನೇ ದಿನ ಮಾಧವ್ ಬಂದರು. ಶೆಡ್ಡಿನ ಹಿಂದೆ ಗುಡಿಸಿ ನೀರು ಚಿಮುಕಿಸಿತ್ತು. ಡ್ರಮ್ಮಿಗೆ ಮುಚ್ಚಳ ಇತ್ತು. ರಾಶಿ ಎಲ್ಲಿ ಅಂತ ಕೇಳಿದರೆ, “ಯಾರ್ದೋ ಅವ್ರಿಗೆ ಕೊಟ್ಬಿಟ್ಟೆ ಸಾರ್” ಅಂದಳು. ಅವರು ಶೆಡ್ಡಿನ ಕಾಗದಕ್ಕೆ ಸರಿಯಾಗಿದೆಯೆಂದು ಸಹಿ ಹಾಕಿ, ಚೀಲಗಳ ಜಾಡು ಹುಡುಕಿಕೊಂಡು ಕೋದಂಡರಾಮಪ್ಪನ ಗೋಡೌನಿಗೆ ಹೋದರು. ಅಲ್ಲಿ ಇಲಿಗಳು ಆಗಲೇ ವಿಳಾಸ ಬದಲಿಸಿಕೊಂಡಿದ್ದವು. ಮಾಧವ್ ಅದೇ ನೋಟೀಸನ್ನು ಹೆಸರು ಬದಲಿಸಿ ಕೊಟ್ಟರು. ತ್ಯಾಜ್ಯ ಯಾರ ಜಾಗದಲ್ಲಿ ಇದೆಯೋ ಅವರೇ ಹೊಣೆ.

ಕೋದಂಡರಾಮಪ್ಪ ಲೂನಾ ಏರಿ ಬಂದದ್ದು ಕಂಡರೆ ಶೆಡ್ಡನ್ನೇ ಗುದ್ದುತ್ತಾನೇನೋ ಅನ್ನುವಂತಿತ್ತು.

“ಏನಮ್ಮಾ ಗಂಗಮ್ಮಾ, ನಾನು ಮಾರೋನು ಕಣಮ್ಮಾ. ತಿಂದು ಎಸ್ದೋರು ಜನ. ನನ್ ತಲೆಗ್ಯಾಕೆ ಕಟ್ತೀಯ?”

“ನಾನೂ ಅದೇ ಅಂತೀನಣ್ಣಾ. ನಾನು ಮಾಡ್ಲಿಲ್ಲ, ಮಾರ್ಲಿಲ್ಲ, ಒಂದ್ ಚೂರು ತಿನ್ಲೂ ಇಲ್ಲ. ನನ್ ತಲೆಗ್ಯಾಕೆ ಕಟ್ಟಿದ್ರಿ?”

ಅವನು ಚೀಲ ವಾಪಸ್ ತಂದು ಸುರಿಯುತ್ತೇನೆ ಅಂದ. ಧಾರಾಳವಾಗಿ ತಾ, ಇನ್‌ಸ್ಪೆಕ್ಟರನ್ನೂ ಜೊತೆಗೆ ಕರೆದುಕೊಂಡು ಬಾ ಅಂದಳು ಇವಳು. ಬಯ್ಯಲು ಇದ್ದ ತೆಲುಗೆಲ್ಲ ಖರ್ಚಾದ ಮೇಲೆ ಕೋದಂಡರಾಮಪ್ಪ ಅಲ್ಲೇ ಹಳೇ ಪೇಪರ್ ಕಟ್ಟಿನ ಮೇಲೆ ಕೂತ. ಗಂಗಮ್ಮ ಚಹಾ ತರಿಸಿದಳು. “ಅಣ್ಣಾ, ನಿನ್ ಮೇಲೆ ನಂಗೇನ್ ಸಿಟ್ಟಿಲ್ಲ. ನಿನ್ಗೂ ಮೇಲೆ ಒಬ್ಬವ್ನೆ ಅಲ್ವಾ? ಅವನ ಲಾರಿ ಖಾಲಿ ವಾಪಸ್ ಹೋಗ್ತದೆ ತಾನೇ?”

ಕೋದಂಡರಾಮಪ್ಪ ಚಹಾದ ಲೋಟ ಕೆಳಗಿಟ್ಟ. ಇಪ್ಪತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇದು ಹೊಳೆದಿರಲಿಲ್ಲವೆನ್ನುವುದೇ ಅವನ ಮಾನಕ್ಕೆ ಹೆಚ್ಚು ತಗುಲಿತು.

ಕಂಪನಿಗೆ ಫೋನ್ ಮಾಡಿದರೆ ಸೇಲ್ಸ್ ಆಫೀಸರ್, ತಿಂಡಿ ಒಳಗಿದ್ದರೆ ಮಾತ್ರ ವಾಪಸ್, ಖಾಲಿ ಕವರು ನಮ್ಮ ಪಾಲಿಸಿಯಲ್ಲಿ ಇಲ್ಲ ಅಂದ. ಬೇಕಿದ್ದರೆ ‘ಊರು ಸ್ವಚ್ಛವಾಗಿಡಿ’ ಅಂತ ಕಂಪನಿಯ ಹೆಸರು ಬರೆದ ಡಬ್ಬ ಕಳಿಸುತ್ತಾನಂತೆ. ಡಬ್ಬ ತುಂಬಿದ ಮೇಲೆ ಯಾರು ಖಾಲಿ ಮಾಡುತ್ತಾರೆ ಅಂದರೆ ಲೈನ್ ಕಟ್. ಕೋದಂಡರಾಮಪ್ಪನ ಪಿತ್ತ ಕೆರಳಿತು. ಮಕ್ಕಳಿಗೆ ರಜೆ ಶುರುವಾಗಿ ಮಾಲು ಹಾರಿಹೋಗುವ ಕಾಲ. ಹನ್ನೊಂದು ಚೀಲ ಏರುವವರೆಗೆ ಒಂದು ಪೆಟ್ಟಿಗೆಯನ್ನೂ ಇಳಿಸಿಕೊಳ್ಳುವುದಿಲ್ಲವೆಂದು ಕಂಪನಿಯ ಲಾರಿಯನ್ನು ಗೋಡೌನಿನ ಮುಂದೆ ನಿಲ್ಲಿಸಿಬಿಟ್ಟ. ಒಂದು ದಿನ, ಎರಡು ದಿನ. ಅಂಗಡಿಗಳಲ್ಲಿ ಎದುರಾಳಿ ಕಂಪನಿಯ ಚಿಪ್ಸ್ ತೂಗಾಡತೊಡಗಿತು. ಮೂರನೇ ದಿನ ಪಾಲಿಸಿ ಬಗ್ಗಿತು. ಚೀಲಗಳು ಬೆಂಗಳೂರಿನ ಡಿಪೋಗೆ ಹೊರಟವು. ತಿಂಗಳಿಗೊಮ್ಮೆ ಖಾಲಿ ಲಾರಿಯಲ್ಲಿ ಕವರು ಒಯ್ಯುವುದಾಗಿ ರಾಯರು ಬರೆದ ಕಾಗದಕ್ಕೆ ಆಫೀಸರ್ ಸಹಿ ಹಾಕಿದ. ಅದರ ಜೊತೆಗೆ ‘ಮಾಡಿದವನೇ ಹೊಣೆ’ ಪ್ರಬಂಧಕ್ಕೆ ಮೊದಲ ಬೆಂಬಲದ ಸಹಿಯೂ ಬಿತ್ತು; ಹಾಕಿದವನು ಡಿಸ್ಟ್ರಿಬ್ಯೂಟರ್ ಕೋದಂಡರಾಮಪ್ಪ.

ಎರಡು ತಿಂಗಳಾದ ಮೇಲೆ ಶಾಮಲಮ್ಮನ ಅಂಗಡಿಗೆ ಡಿಪೋದಿಂದ ಫೋನ್ ಬಂತು. ಗುಜರಿ ಗಂಗಮ್ಮ ಬೇಕಂತೆ. ಓಡಿಬಂದು ಹಿಡಿದಳು. ಆ ಕಡೆಯವನು ಬಹಳ ಮರ್ಯಾದೆಯಿಂದ ಕೇಳಿದ: ಡಿಪೋ ತುಂಬ ಕವರೇ ಆಗಿದೆ ಮೇಡಂ, ನಿಮಗೆ ಈ ಲೈನು ಗೊತ್ತಂತೆ, ಇದನ್ನ ಕೊಳ್ಳೋರು ಯಾರಾದ್ರೂ ಇದ್ದಾರಾ?

“ಯಾರೂ ಇಲ್ಲ ಸಾಮಿ,” ಅಂದಳು ಗಂಗಮ್ಮ. “ಒಂದೇ ಜಾತಿ ಪ್ಲಾಸ್ಟಿಕ್ಕಲ್ಲಿ ಮಾಡಿ ಕಳ್ಸಿ. ನಾನೇ ಕೊಳ್ತೀನಿ.”